ಗೆರೆ ಉದ್ದವಾದರೂ ‘ಎರಡೂ ಸಮ’ ಎನ್ನುವ ಮಾದರಿ ನಿಜವಾಗಿ ನೋಡುತ್ತಿದೆಯೇ?

ಪ್ರಶ್ನೆ: ಎಂಜಿನಿಯರಿಂಗ್ ನಕ್ಷೆಗಳನ್ನು ಹೋಲಿಸಿ ನೋಡುವ ಕೆಲಸಕ್ಕೆ ಚಿತ್ರ ಓದಬಲ್ಲ ಎಐ ಮಾದರಿಯೊಂದನ್ನು ಬಳಸಬಹುದೇ ಎಂದು ಪರೀಕ್ಷಿಸುತ್ತಿದ್ದೇನೆ. ಬಾಣದ ತುದಿಗಳಿರುವ ಎರಡು ಗೆರೆಗಳ ಪ್ರಸಿದ್ಧ ಚಿತ್ರವನ್ನು ಕೊಟ್ಟಾಗ ‘ಎರಡೂ ಸಮ, ಇದು ಮುಲ್ಲರ್-ಲೈಯರ್ ದೃಷ್ಟಿಭ್ರಮೆ’ ಎಂದು ಸರಿಯಾಗಿಯೇ ಹೇಳಿತು. ಆಮೇಲೆ ಒಂದು ಗೆರೆಯನ್ನು ಯಾರ ಕಣ್ಣಿಗೂ ಕಾಣುವಷ್ಟು ಉದ್ದ ಮಾಡಿ ಕೊಟ್ಟೆ. ಆಗಲೂ ಅದೇ ಉತ್ತರ ಬಂತು. ಇನ್ನೊಂದು ಮಾದರಿ ಮೂಲ ಚಿತ್ರದಲ್ಲೇ ಮೋಸಹೋಗಿ ‘ಮೇಲಿನದು ಉದ್ದ’ ಎಂದಿತು. ಮೋಸಹೋಗುವುದೇ ಮನುಷ್ಯರಂತೆ ನೋಡುತ್ತದೆ ಎಂಬುದಕ್ಕೆ ಸಾಕ್ಷಿ ಎಂದು ನನ್ನ ಸಹೋದ್ಯೋಗಿ ವಾದಿಸುತ್ತಾರೆ. ಇಂಥ ಚಿತ್ರಗಳಿಂದ ನಿಜಕ್ಕೂ ಏನಾದರೂ ತಿಳಿಯುತ್ತದೆಯೇ?

ಉತ್ತರ: ತಿಳಿಯುತ್ತದೆ. ಆದರೆ ಪ್ರಸಿದ್ಧ ಚಿತ್ರದಿಂದಲ್ಲ, ನೀವು ಅದನ್ನು ಬದಲಾಯಿಸಿ ಮಾಡಿಕೊಂಡ ಎರಡನೆಯ ಚಿತ್ರದಿಂದ. ಮೊದಲ ಚಿತ್ರಕ್ಕೆ ಬಂದ ಸರಿಯುತ್ತರಕ್ಕೂ, ನಿಮ್ಮ ಸಹೋದ್ಯೋಗಿ ಹಿಡಿದುಕೊಂಡಿರುವ ತಪ್ಪು ಉತ್ತರಕ್ಕೂ ಒಂದಕ್ಕಿಂತ ಹೆಚ್ಚು ಕಾರಣಗಳಿರಬಹುದಾದ್ದರಿಂದ ಅವೆರಡರಿಂದಲೂ ಯಾವ ತೀರ್ಮಾನಕ್ಕೂ ಬರಲಾಗುವುದಿಲ್ಲ.

ಫ್ರಾಂಜ್ ಕಾರ್ಲ್ ಮುಲ್ಲರ್-ಲೈಯರ್ ಈ ಚಿತ್ರವನ್ನು ಪ್ರಕಟಿಸಿದ್ದು 1889ರಲ್ಲಿ. ಅಲ್ಲಿಂದೀಚೆಗೆ ಮನೋವಿಜ್ಞಾನದ ಪಠ್ಯಪುಸ್ತಕಗಳಲ್ಲಿ, ಒಗಟಿನ ಪುಸ್ತಕಗಳಲ್ಲಿ, ಅಂತರ್ಜಾಲದ ಅಸಂಖ್ಯ ಪುಟಗಳಲ್ಲಿ ಅದು ಮುದ್ರಣಗೊಂಡಿದೆ. ಎಲ್ಲ ಕಡೆಯೂ ಅದರ ಪಕ್ಕದಲ್ಲಿ ‘ನೋಡಲು ಬೇರೆಬೇರೆ ಎನಿಸಿದರೂ ಎರಡು ಗೆರೆಗಳೂ ಸಮ’ ಎಂಬ ವಾಕ್ಯ ಇದ್ದೇ ಇರುತ್ತದೆ. ಚಿತ್ರ ಮತ್ತು ಬರಹವನ್ನು ಜೊತೆಗೂಡಿಸಿ ಕಲಿತ ಮಾದರಿ ಈ ಜೋಡಿಯನ್ನು ಎಷ್ಟೋ ಸಲ ಕಂಡಿದೆ. ಆದ್ದರಿಂದ ‘ಸಮ’ ಎಂಬ ಉತ್ತರಕ್ಕೆ ಅದು ಎರಡು ದಾರಿಗಳಿಂದ ತಲುಪಬಹುದು. ಗೆರೆಗಳ ಉದ್ದವನ್ನು ಚಿತ್ರದಿಂದಲೇ ಹಿಡಿದು ಹೋಲಿಸುವುದು ಒಂದು ದಾರಿ. ‘ಇದು ಆ ಚಿತ್ರ, ಆ ಚಿತ್ರಕ್ಕೆ ಉತ್ತರ ಇದು’ ಎಂದು ಗುರುತಿಸಿ ಹೇಳಿಬಿಡುವುದು ಇನ್ನೊಂದು. ಕಣ್ಣಿನ ವೈದ್ಯರ ಗೋಡೆಯ ಮೇಲಿನ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬಂದವರ ದೃಷ್ಟಿಯನ್ನು ಅದೇ ಹಲಗೆಯಿಂದ ಅಳೆಯಲಾಗದು, ಅಕ್ಷರಗಳನ್ನು ಬದಲಾಯಿಸಲೇಬೇಕು. ನೀವು ಗೆರೆಯನ್ನು ಉದ್ದ ಮಾಡಿದಾಗ ಆದದ್ದು ಅದೇ. ಮಾದರಿ ಎರಡನೆಯ ದಾರಿಯಲ್ಲಿ ಬಂದಿತ್ತೆಂಬುದು ಆಗ ಹೊರಬಿತ್ತು.

ಇದು ನಿಮ್ಮೊಬ್ಬರ ಅನುಭವವಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಟೋಮರ್ ಉಲ್ಮನ್ 2024ರಲ್ಲಿ ಪ್ರಸಿದ್ಧ ದೃಷ್ಟಿಭ್ರಮೆಗಳನ್ನು ಹೀಗೆಯೇ ಬದಲಾಯಿಸಿ ಹಲವು ಮಾದರಿಗಳಿಗೆ ತೋರಿಸಿದರು. ಮೂಲದಲ್ಲಿ ಸಮವಾಗಿದ್ದದ್ದು ಬದಲಾದ ಚಿತ್ರದಲ್ಲಿ ಕಣ್ಣಿಗೆ ಕಾಣುವಂತೆಯೇ ಅಸಮವಾಗಿರುತ್ತಿತ್ತು, ಅಂದರೆ ಅಲ್ಲಿ ಭ್ರಮೆಯೇ ಉಳಿದಿರಲಿಲ್ಲ. ಆದರೂ ಮಾದರಿಗಳು ಅನೇಕ ಸಲ ‘ಇದು ಭ್ರಮೆ, ವಾಸ್ತವದಲ್ಲಿ ಸಮ’ ಎಂದೇ ಉತ್ತರಿಸಿದವು. ಮರುವರ್ಷ ಇನ್ನೊಂದು ಸಂಶೋಧಕರ ಗುಂಪು ನಾಲ್ಕು ಕಾಲಿನ ಪ್ರಾಣಿಗಳಿಗೆ ಐದನೆಯ ಕಾಲು ಸೇರಿಸಿ, ಮೂರು ಪಟ್ಟೆಗಳ ಪ್ರಸಿದ್ಧ ಲಾಂಛನಕ್ಕೆ ನಾಲ್ಕನೆಯ ಪಟ್ಟೆ ಸೇರಿಸಿ ಎಣಿಸಲು ಕೇಳಿತು. ಇಂಥ ಬದಲಾದ ಚಿತ್ರಗಳಲ್ಲಿ ಆ ಹೊತ್ತಿನ ಮುಂಚೂಣಿಯ ಮಾದರಿಗಳ ಸರಾಸರಿ ಸರಿಯುತ್ತರ ಸುಮಾರು ಶೇ 17 ಮಾತ್ರ. ಕಾಲುಗಳನ್ನು ಎಣಿಸುವ ಬದಲು, ನಾಯಿಗೆ ನಾಲ್ಕು ಕಾಲು ಎಂಬ ತಿಳಿವಳಿಕೆಯನ್ನು ಅವು ಒಪ್ಪಿಸುತ್ತಿದ್ದವು.

ಇಲ್ಲಿ ಮನುಷ್ಯನಿಗೂ ಮಾದರಿಗೂ ಇರುವ ವ್ಯತ್ಯಾಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಈ ಪರೀಕ್ಷೆಯ ತಿರುಳೇ ಅದು ಎಂದು ನನಗೆ ಅನಿಸುತ್ತದೆ. ಮುಲ್ಲರ್-ಲೈಯರ್ ಚಿತ್ರದ ಗೆರೆಗಳನ್ನು ನೀವೇ ಅಳತೆಪಟ್ಟಿ ಇಟ್ಟು ಅಳೆದು, ಸಮವೆಂದು ಖಚಿತಪಡಿಸಿಕೊಂಡು, ಮತ್ತೆ ನೋಡಿದರೂ ತುದಿಗಳ ಚಿಕ್ಕ ಓರೆಗೆರೆಗಳು, ಅಂದರೆ ರೆಕ್ಕೆಗಳು, ಹೊರಮುಖವಾಗಿರುವ ಗೆರೆ ಉದ್ದವಾಗಿಯೇ ಕಾಣುತ್ತದೆ. ನಮಗೆ ಗೊತ್ತಿರುವುದು ನಾವು ಕಾಣುವುದನ್ನು ತಿದ್ದಲಾರದು. ಮಾದರಿಯಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ: ಅದಕ್ಕೆ ಗೊತ್ತಿರುವುದು, ಅದು ಕಾಣಬೇಕಾಗಿದ್ದನ್ನು ಬದಿಗೆ ತಳ್ಳಿ ತಾನೇ ಉತ್ತರವಾಗಿಬಿಡುತ್ತದೆ. ಮನುಷ್ಯ ಗೆರೆಗಳ ವಿಷಯದಲ್ಲಿ ಮೋಸಹೋಗುತ್ತಾನೆ. ಮಾದರಿ ಚಿತ್ರ ಯಾವುದು ಎಂಬ ವಿಷಯದಲ್ಲಿ ಮೋಸಹೋಗುತ್ತದೆ. ಎರಡನ್ನೂ ‘ಭ್ರಮೆಗೆ ಒಳಗಾಗುವುದು’ ಎಂದು ಒಂದೇ ಹೆಸರಿನಿಂದ ಕರೆದರೆ ಗೊಂದಲ ಅಲ್ಲಿಂದಲೇ ಶುರುವಾಗುತ್ತದೆ.

ಮನುಷ್ಯನ ಭ್ರಮೆ ಎಲ್ಲಿಂದ ಬರುತ್ತದೆ ಎಂಬುದು ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ. ಚೌಕ ಮೂಲೆಗಳ ಕಟ್ಟಡಗಳ ನಡುವೆ ಬೆಳೆದವರು ರೆಕ್ಕೆಗಳನ್ನು ಮೂಲೆಗಳ ಸೂಚನೆಯಾಗಿ, ದೂರದ ಸೂಚನೆಯಾಗಿ ಓದಿಕೊಳ್ಳುತ್ತಾರೆ, ಅಂದರೆ ಅನುಭವವೇ ಇದನ್ನು ಕಲಿಸುತ್ತದೆ ಎಂಬ ವಿವರಣೆ 1960ರ ದಶಕದಲ್ಲಿ ಪ್ರಚಾರಕ್ಕೆ ಬಂತು. ಆದರೆ ಹುಟ್ಟಿನಿಂದಲೇ ಕುರುಡಾಗಿದ್ದು, ವರ್ಷಗಳ ನಂತರ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ ಮಕ್ಕಳನ್ನು ನರವಿಜ್ಞಾನಿ ಪವನ್ ಸಿನ್ಹಾ ಅವರ ತಂಡ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಫಲಿತಾಂಶ ಈ ವಿವರಣೆಗೆ ಹೊಂದುವುದಿಲ್ಲ. ದೃಷ್ಟಿ ಬಂದ ಕೂಡಲೇ ನಡೆಸಿದ ಪರೀಕ್ಷೆಯಲ್ಲಿಯೇ ಆ ಮಕ್ಕಳು ಮುಲ್ಲರ್-ಲೈಯರ್ ಭ್ರಮೆಗೆ ಒಳಗಾದರು. ನೋಡಿ ಕಲಿಯಲು ಅವರಿಗೆ ಸಮಯವೇ ಸಿಕ್ಕಿರಲಿಲ್ಲ. ಹಾಗಾಗಿ ಈ ಭ್ರಮೆಯ ಬೇರು ಓದಿನಲ್ಲಾಗಲಿ ದೀರ್ಘ ಅನುಭವದಲ್ಲಾಗಲಿ ಇರದೆ, ಕಣ್ಣು ಮತ್ತು ಮಿದುಳು ಚಿತ್ರವನ್ನು ಸಂಸ್ಕರಿಸುವ ಆರಂಭಿಕ ಹಂತಗಳಲ್ಲಿ ಇರುವ ಸಾಧ್ಯತೆಯೇ ಹೆಚ್ಚು.

ಈಗ ಮಾದರಿಯ ಒಳಗೆ ಬರೋಣ. ನೀವು ಬಳಸುತ್ತಿರುವ ಮಾದರಿ ಯಾವುದೆಂದು ಬರೆದಿಲ್ಲವಾದ್ದರಿಂದ, ರಚನೆ ಬಹಿರಂಗವಾಗಿರುವ LLaVA-1.5 ಎಂಬ ಮಾದರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅದು ಚಿತ್ರವನ್ನು ಮೊದಲು 336 × 336 ಪಿಕ್ಸೆಲ್‌ಗೆ ಕುಗ್ಗಿಸುತ್ತದೆ. ಆಮೇಲೆ ಅದನ್ನು 14 × 14 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸುತ್ತದೆ. ಅಡ್ಡಕ್ಕೆ 24, ಉದ್ದಕ್ಕೆ 24, ಒಟ್ಟು 576 ತುಣುಕುಗಳು. ದೃಷ್ಟಿಯ ಭಾಗವು ಪ್ರತಿ ತುಣುಕಿಗೂ ಸಂಖ್ಯೆಗಳ ಒಂದು ಸಾಲನ್ನು ಕೊಡುತ್ತದೆ, ಆ ಸಾಲುಗಳು ಪದಗಳ ಜಾಗದಲ್ಲಿ ಕುಳಿತು ಭಾಷೆಯ ಭಾಗಕ್ಕೆ ಹೋಗುತ್ತವೆ, ಅದು ಅವನ್ನೂ ನಿಮ್ಮ ಪ್ರಶ್ನೆಯನ್ನೂ ಒಟ್ಟಿಗೆ ಓದಿ ಉತ್ತರವನ್ನು ಪದಪದವಾಗಿ ಕಟ್ಟುತ್ತದೆ. ಹೊಸ ಮಾದರಿಗಳು ಇದಕ್ಕಿಂತ ಹೆಚ್ಚು ಪಿಕ್ಸೆಲ್‌ಗಳನ್ನು ಒಳಗೆ ಬಿಟ್ಟುಕೊಳ್ಳುತ್ತವೆ, ಆದರೆ ಚಿತ್ರವನ್ನು ತುಣುಕುಗಳಾಗಿಸಿ ಭಾಷೆಯ ಭಾಗಕ್ಕೆ ಒಪ್ಪಿಸುವ ವ್ಯವಸ್ಥೆ ಅನೇಕ ಮಾದರಿಗಳಲ್ಲಿ ಹೀಗೆಯೇ ಇದೆ.

ಇದರಿಂದ ಎರಡು ತೊಡಕುಗಳು ಹುಟ್ಟುತ್ತವೆ. ಮೊದಲನೆಯದು ಸೂಕ್ಷ್ಮತೆಯದು. 800 ಪಿಕ್ಸೆಲ್ ಅಗಲದ ಚಿತ್ರದಲ್ಲಿ 300 ಪಿಕ್ಸೆಲ್‌ನ ಗೆರೆ ಕುಗ್ಗಿದ ಮೇಲೆ 126 ಪಿಕ್ಸೆಲ್ ಆಗುತ್ತದೆ, ಸರಿಯಾಗಿ ಒಂಬತ್ತು ತುಣುಕುಗಳಷ್ಟು ಅಗಲ. 315 ಪಿಕ್ಸೆಲ್‌ನ ಗೆರೆ ಅದಕ್ಕಿಂತ ಆರು ಪಿಕ್ಸೆಲ್‌ನಷ್ಟು ಮಾತ್ರ ಹೆಚ್ಚು. ಅದು ಅರ್ಧ ತುಣುಕಿಗಿಂತಲೂ ಕಡಿಮೆ. ಗೆರೆ ತುಣುಕಿನ ಒಳಗೆ ಎಲ್ಲಿ ಮುಗಿಯಿತು ಎಂಬ ವಿವರ ಆ ಸಂಖ್ಯೆಗಳ ಸಾಲಿನಲ್ಲಿ ಉಳಿದಿರಬಹುದು, ಆದರೆ ಉಳಿಯಲೇಬೇಕೆಂಬ ಒತ್ತಾಯ ತರಬೇತಿಯಲ್ಲಿ ಅಷ್ಟಾಗಿ ಇರುವುದಿಲ್ಲ. ಚಿತ್ರಗಳ ಕೆಳಗಿನ ಶೀರ್ಷಿಕೆಗಳು ‘ಮೇಜಿನ ಮೇಲೆ ಬೆಕ್ಕು ಕುಳಿತಿದೆ’ ಎನ್ನುತ್ತವೆಯೇ ಹೊರತು, ಬೆಕ್ಕಿನ ಬಾಲ ಮೇಜಿನ ಕಾಲಿಗಿಂತ ಎಷ್ಟು ಉದ್ದ ಎಂದು ಹೇಳುವುದಿಲ್ಲ.

ಎರಡನೆಯ ತೊಡಕು ಇದಕ್ಕಿಂತ ಕುತೂಹಲಕರವಾದದ್ದು. ಎರಡು ವೃತ್ತಗಳು ಒಂದನ್ನೊಂದು ತಾಗುತ್ತಿವೆಯೇ, ಎರಡು ಗೆರೆಗಳು ಎಷ್ಟು ಕಡೆ ಕತ್ತರಿಸುತ್ತವೆ ಎಂಬಂಥ ಸರಳ ಪ್ರಶ್ನೆಗಳಲ್ಲಿ ಮಾದರಿಗಳು ಎಡವುವುದನ್ನು ತೋರಿಸಿದ 2024ರ ಒಂದು ಅಧ್ಯಯನ, ದೃಷ್ಟಿಯ ಭಾಗ ಕೊಡುವ ಸಂಖ್ಯೆಗಳನ್ನು ನೇರವಾಗಿ ತೆಗೆದು ಅವುಗಳ ಮೇಲೆ ಒಂದು ಸರಳ ವಿಂಗಡಕವನ್ನು ತರಬೇತುಗೊಳಿಸಿ ನೋಡಿತು. ಉತ್ತರಕ್ಕೆ ಬೇಕಾದ ಮಾಹಿತಿ ಆ ಸಂಖ್ಯೆಗಳಲ್ಲಿ ಇದ್ದೇ ಇತ್ತು. ಅದನ್ನು ಉತ್ತರವಾಗಿ ಹೊರತರಲು ಭಾಷೆಯ ಭಾಗಕ್ಕೆ ಆಗುತ್ತಿರಲಿಲ್ಲ. ಆದ್ದರಿಂದ ‘ಮಾದರಿ ನೋಡುತ್ತದೆಯೇ’ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಅದರ ಒಂದು ಭಾಗಕ್ಕೆ ಕಂಡಿರಬಹುದು, ಮಾತನಾಡುವ ಭಾಗ ಅದನ್ನು ಕೇಳದೆ ತನಗೆ ಮೊದಲೇ ಗೊತ್ತಿದ್ದದ್ದನ್ನು ಹೇಳಿರಬಹುದು. ರೆಕ್ಕೆಗಳನ್ನು ಕಂಡೊಡನೆ ‘ಮುಲ್ಲರ್-ಲೈಯರ್’ ಎಂಬ ಹೆಸರು, ಹೆಸರಿನ ಹಿಂದೆಯೇ ‘ಸಮ’ ಎಂಬ ಮಾತು ಬರುವ ಸಂಭವನೀಯತೆ ಎಷ್ಟು ಬಲವಾಗಿರುತ್ತದೆಂದರೆ, ತುಣುಕುಗಳಲ್ಲಿರುವ ಕ್ಷೀಣ ಅಳತೆ ಅದರ ಎದುರು ನಿಲ್ಲುವುದಿಲ್ಲ.

ನಿಮ್ಮ ಸಹೋದ್ಯೋಗಿಯ ವಾದದಲ್ಲಿ ಸತ್ಯದ ಒಂದು ಎಳೆ ಇದೆ. ಚಿತ್ರದ ಗದ್ದಲ ತೆಗೆಯಲು, ಮಸುಕು ಸರಿಪಡಿಸಲು ತರಬೇತಿ ಪಡೆದ ಕೃತಕ ನರಜಾಲಗಳು ಬೆಳಕು-ಬಣ್ಣಗಳ ಕೆಲವು ಭ್ರಮೆಗಳಿಗೆ ಮನುಷ್ಯರಂತೆಯೇ ಒಳಗಾಗುವುದನ್ನು 2019ರಲ್ಲಿ ತೋರಿಸಲಾಗಿದೆ. ಅಲ್ಲಿ ಬರಹವಿಲ್ಲ, ಬಾಯಿಪಾಠದ ಪ್ರಶ್ನೆಯೂ ಇಲ್ಲ. ಆದರೆ ಫಲ ಒಂದೇ ಆದ ಮಾತ್ರಕ್ಕೆ ಕಾರಣ ಒಂದೇ ಆಗಬೇಕಿಲ್ಲ. ‘ಮೇಲಿನದು ಉದ್ದ’ ಎಂದ ಆ ಎರಡನೆಯ ಮಾದರಿಯನ್ನೇ ನೋಡಿ. ಹೊರಮುಖ ರೆಕ್ಕೆಗಳಿರುವ ಆಕೃತಿ ರೆಕ್ಕೆಗಳನ್ನೂ ಸೇರಿಸಿಕೊಂಡರೆ ನಿಜಕ್ಕೂ ಹೆಚ್ಚು ಅಗಲವಾಗಿರುತ್ತದೆ. ‘ಗೆರೆ’ ಎಂದರೆ ಇಡೀ ಆಕೃತಿ ಎಂದು ತಿಳಿದು ಅದರ ಅಗಲವನ್ನು ಸರಿಯಾಗಿಯೇ ಹೋಲಿಸಿದ ಮಾದರಿಯೂ ಅದೇ ಉತ್ತರ ಕೊಡುತ್ತದೆ. ಏನನ್ನೂ ಹೋಲಿಸದೆ ಮೂರು ಆಯ್ಕೆಗಳಲ್ಲಿ ಒಂದನ್ನು ಸುಮ್ಮನೆ ಆರಿಸಿದ ಮಾದರಿಯೂ ಕೊಡಬಹುದು. ಯಾವಾಗಲೂ ಮೊದಲ ಆಯ್ಕೆಯ ಕಡೆಗೇ ವಾಲುವ ಮಾದರಿಯೂ ಕೊಡಬಹುದು. ಇಂಥ ಸಾಧ್ಯತೆಗಳನ್ನೆಲ್ಲ ಒಂದೊಂದಾಗಿ ಕೈಬಿಟ್ಟ ಮೇಲಷ್ಟೇ ಮನುಷ್ಯನ ಭ್ರಮೆಯೊಂದಿಗೆ ಹೋಲಿಕೆಗೆ ಅವಕಾಶ.

ಹಾಗಾದರೆ ಪರೀಕ್ಷೆಯನ್ನು ಹೇಗೆ ಕಟ್ಟಬೇಕು? ಒಂದು ಚಿತ್ರದ ಬದಲು ಚಿತ್ರಗಳ ಒಂದು ಕುಟುಂಬವನ್ನೇ ಮಾಡಿಕೊಳ್ಳಿ. ಅಂತರ್ಜಾಲದಿಂದ ಇಳಿಸಿದ ಚಿತ್ರ ಬೇಡ, ನೀವೇ ಬರೆದದ್ದಾದರೆ ಪ್ರತಿ ಗೆರೆಯ ನಿಜವಾದ ಉದ್ದ ನಿಮಗೆ ಪಿಕ್ಸೆಲ್ ಲೆಕ್ಕದಲ್ಲಿ ಗೊತ್ತಿರುತ್ತದೆ. ಪೈಥಾನ್‌ನಲ್ಲಿ ಇಷ್ಟು ಸಾಕು:

```python
from PIL import Image, ImageDraw

def draw_line(d, y, length, fin, cx=400):
    a, b = cx - length // 2, cx + (length + 1) // 2
    d.line((a, y, b, y), fill="black", width=4)
    if fin == 0:
        return
    for x, s in ((a, -1), (b, 1)):
        for k in (-1, 1):
            d.line((x, y, x + s * fin, y + k * abs(fin)),
                   fill="black", width=4)

img = Image.new("RGB", (800, 800), "white")
d = ImageDraw.Draw(img)
draw_line(d, 280, 300, 40)
draw_line(d, 520, 315, -40)
img.save("test.png")
```

ಇಲ್ಲಿ `fin` ಧನಾತ್ಮಕವಾಗಿದ್ದರೆ ರೆಕ್ಕೆಗಳು ಹೊರಮುಖ, ಋಣಾತ್ಮಕವಾಗಿದ್ದರೆ ಬಾಣದ ಮೊನೆಯಂತೆ ಒಳಮುಖ, ಸೊನ್ನೆಯಾದರೆ ರೆಕ್ಕೆಗಳೇ ಇಲ್ಲ. ಹಲಗೆಯನ್ನು ಚೌಕವಾಗಿಯೇ ಇಟ್ಟಿದ್ದಕ್ಕೆ ಕಾರಣವಿದೆ. ಚೌಕವಲ್ಲದ ಚಿತ್ರವನ್ನು ಕೆಲವು ವ್ಯವಸ್ಥೆಗಳು ಒಳಗೆ ತೆಗೆದುಕೊಳ್ಳುವಾಗ ಅಂಚು ಕತ್ತರಿಸುತ್ತವೆ, ಕೆಲವು ಹಿಗ್ಗಿಸುತ್ತವೆ. ಆಗ ನಿಮ್ಮ ಅಳತೆಗಳು ಅಳತೆಗಳಾಗಿ ಉಳಿಯುವುದಿಲ್ಲ.

ಮೇಲಿನ ಕೋಡ್ ಬರೆಯುವ ಚಿತ್ರವೇ ಇಡೀ ಪರೀಕ್ಷೆಯ ಕೀಲಿ. ಮೇಲೆ ಹೊರಮುಖ ರೆಕ್ಕೆಗಳ 300 ಪಿಕ್ಸೆಲ್ ಗೆರೆ, ಕೆಳಗೆ ಒಳಮುಖ ರೆಕ್ಕೆಗಳ 315 ಪಿಕ್ಸೆಲ್ ಗೆರೆ. ಕೆಳಗಿನದು ನಿಜವಾಗಿ ಶೇ 5ರಷ್ಟು ಉದ್ದ. ಆದರೆ ಇಂಥ ರೆಕ್ಕೆಗಳು ಮನುಷ್ಯನ ಕಣ್ಣಿನಲ್ಲಿ ಹುಟ್ಟಿಸುವ ವ್ಯತ್ಯಾಸ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದಾದ್ದರಿಂದ, ನಮಗೆ ಮೇಲಿನದೇ ಉದ್ದವೆನಿಸುತ್ತದೆ. ಹಾಗಾಗಿ ಈ ಒಂದೇ ಚಿತ್ರಕ್ಕೆ ಮೂರು ಬಗೆಯ ನೋಡುಗರು ಮೂರು ಬೇರೆ ಉತ್ತರ ಕೊಡುತ್ತಾರೆ: ಚಿತ್ರವನ್ನು ಗುರುತಿಸಿ ಬಾಯಿಪಾಠ ಒಪ್ಪಿಸುವವರು ‘ಸಮ’ ಎನ್ನುತ್ತಾರೆ, ಮನುಷ್ಯರಂತೆ ಭ್ರಮೆಗೆ ಒಳಗಾಗುವವರು ‘ಮೇಲಿನದು’ ಎನ್ನುತ್ತಾರೆ, ಅಳೆಯುವವರು ‘ಕೆಳಗಿನದು’ ಎನ್ನುತ್ತಾರೆ. ಮೂಲ ಚಿತ್ರಕ್ಕೆ ಈ ಗುಣವಿಲ್ಲ. ಅಲ್ಲಿ ಅಳೆಯುವವರೂ ಬಾಯಿಪಾಠದವರೂ ಒಂದೇ ಉತ್ತರದಲ್ಲಿ ಅಡಗಿಕೊಳ್ಳುತ್ತಾರೆ.

ಇದರ ಜೊತೆಗೆ ಇನ್ನೂ ಕೆಲವು ಚಿತ್ರಗಳು ಬೇಕು. ರೆಕ್ಕೆಗಳಿಲ್ಲದೆ ಬರಿಯ 300 ಮತ್ತು 315ರ ಗೆರೆಗಳ ಚಿತ್ರ ಅವುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಪರೀಕ್ಷೆ ಮಾಡುವವರು ಹೆಚ್ಚಾಗಿ ಮರೆಯುವುದೂ ಇದನ್ನೇ. ಮಾದರಿಗೆ ಬರಿಗೆರೆಗಳಲ್ಲಿಯೇ ಈ ವ್ಯತ್ಯಾಸ ಕಾಣದಿದ್ದರೆ, ರೆಕ್ಕೆಗಳಿರುವ ಚಿತ್ರದಲ್ಲಿ ಅದು ‘ಸಮ’ ಎಂದದ್ದಕ್ಕೆ ಬಾಯಿಪಾಠವನ್ನು ದೂರುವಂತಿಲ್ಲ. ಅದಕ್ಕೆ ಅಷ್ಟು ಸೂಕ್ಷ್ಮವಾಗಿ ಕಾಣುತ್ತಿಲ್ಲ, ಅಷ್ಟೆ. ಆಗ ಉದ್ದನೆಯ ಗೆರೆಯನ್ನು 330ಕ್ಕೆ, 360ಕ್ಕೆ ಏರಿಸುತ್ತಾ, ಬರಿಗೆರೆಗಳನ್ನು ಅದು ಯಾವ ಹಂತದಲ್ಲಿ ನಂಬಿಕೆಗೆ ಅರ್ಹವಾಗಿ ಹೇಳಬಲ್ಲದು ಎಂದು ಮೊದಲು ಕಂಡುಕೊಳ್ಳಿ. 5ರ ಬದಲು ಶೇ 20ರಷ್ಟು ವ್ಯತ್ಯಾಸ ಬೇಕಾಯಿತೆಂದರೆ ಮೂವರನ್ನೂ ಬೇರ್ಪಡಿಸುವ ಆ ಒಂದು ಚಿತ್ರ ಕೈತಪ್ಪುತ್ತದೆ, ಏಕೆಂದರೆ ಅಷ್ಟು ಅಂತರವಾದಾಗ ಮನುಷ್ಯನಿಗೂ ಎರಡು ಗೆರೆಗಳು ಹೆಚ್ಚುಕಡಿಮೆ ಸಮವೆಂದೇ ಕಾಣಬಹುದು. ಆಗ ಇನ್ನಷ್ಟು ದೂರ ಹೋಗಿ 300 ಮತ್ತು 450ರ ಗೆರೆಗಳನ್ನು ಬಳಸಬೇಕು: ಒಂದು ಚಿತ್ರದಲ್ಲಿ ಹೊರಮುಖ ರೆಕ್ಕೆಗಳ ಗೆರೆ 450, ಇನ್ನೊಂದರಲ್ಲಿ ಒಳಮುಖದ್ದು 450. ಈ ಅಂತರದಲ್ಲಿ ಮನುಷ್ಯರಿಗೆ ಯಾವ ಸಂದೇಹವೂ ಬರುವುದಿಲ್ಲ, ಅಳೆಯುವವರಿಗೂ ಬರುವುದಿಲ್ಲ. ‘ಸಮ’ ಎನ್ನುವವರು ಬಾಯಿಪಾಠದವರು ಮಾತ್ರ. ನೀವು ಗೆರೆ ಎಳೆದು ಕಂಡುಕೊಂಡದ್ದು ಇದೇ ಚಿತ್ರವನ್ನು.

ನಿಜವಾಗಿ ಸಮವಾದ ಗೆರೆಗಳ ಚಿತ್ರಗಳನ್ನೂ, ರೆಕ್ಕೆ ಸಹಿತವಾಗಿ ಮತ್ತು ರಹಿತವಾಗಿ, ಸಾಕಷ್ಟು ಸೇರಿಸಿ. ಇಲ್ಲವಾದರೆ ‘ಈಗಿನ ಪರೀಕ್ಷಕರು ಚಿತ್ರ ತಿದ್ದಿ ಕೊಡುತ್ತಾರೆ’ ಎಂಬುದನ್ನೇ ಕಲಿತು ಯಾವಾಗಲೂ ‘ಅಸಮ’ ಎನ್ನುವ ಮುಂದಿನ ಮಾದರಿಗೆ ನೀವು ಪೂರ್ತಿ ಅಂಕ ಕೊಟ್ಟುಬಿಡುತ್ತೀರಿ. ಯಾವ ಆಕೃತಿ ಮೇಲಿರಬೇಕು, ಗೆರೆಯ ಮಧ್ಯಬಿಂದು ಎಲ್ಲಿರಬೇಕು ಎಂಬುದನ್ನು ಪ್ರತಿ ಚಿತ್ರಕ್ಕೂ ಚೀಟಿ ಎತ್ತಿದಂತೆ ಬದಲಾಯಿಸಿ. `cx` ಅನ್ನು 330ರಿಂದ 470ರ ನಡುವೆ ಇಟ್ಟುಕೊಂಡರೆ ಅತಿ ಉದ್ದದ ಗೆರೆಯೂ ಹಲಗೆಯೊಳಗೇ ಉಳಿಯುತ್ತದೆ. ಆಕೃತಿಯ ಪೂರ್ಣ ಅಗಲವನ್ನು ಹೋಲಿಸುವ ಮಾದರಿಯನ್ನು ಪತ್ತೆಹಚ್ಚಲು, ಗೆರೆಯನ್ನು ಕೆಂಪು ಬಣ್ಣದಲ್ಲೂ ರೆಕ್ಕೆಗಳನ್ನು ಕಪ್ಪು ಬಣ್ಣದಲ್ಲೂ ಬರೆದು ‘ಕೆಂಪು ಗೆರೆಗಳಲ್ಲಿ ಯಾವುದು ಉದ್ದ’ ಎಂದು ಕೇಳುವ ಒಂದು ಗುಂಪು ಇರಲಿ. ಬಣ್ಣ ಬೇರೆಯಾದೊಡನೆ ‘ಮನುಷ್ಯರಂತಹ’ ಉತ್ತರ ಮಾಯವಾದರೆ, ಅಲ್ಲಿ ಇದ್ದದ್ದು ಗೆರೆ ಯಾವುದೆಂಬ ತಪ್ಪು ತಿಳಿವಳಿಕೆಯೇ ಇರಬೇಕು ಎಂದು ಅನುಮಾನಿಸಲು ಒಳ್ಳೆಯ ಕಾರಣ ಸಿಗುತ್ತದೆ.

ಕೇಳುವ ಮಾತು ಕೂಡ ಪರೀಕ್ಷೆಯ ಭಾಗವೇ. ‘ಈ ದೃಷ್ಟಿಭ್ರಮೆಯಲ್ಲಿ ಯಾವ ಗೆರೆ ಉದ್ದ’ ಎಂದು ಕೇಳಿದರೆ ಉತ್ತರವನ್ನು ನೀವೇ ಅದರ ಕೈಗೆ ಕೊಟ್ಟಂತೆ. ‘ಮೇಲಿನ ಅಡ್ಡಗೆರೆ ಉದ್ದವೋ, ಕೆಳಗಿನದು ಉದ್ದವೋ, ಎರಡೂ ಸಮವೋ? ಒಂದೇ ಪದದಲ್ಲಿ ಹೇಳಿ’ ಎಂದಷ್ಟೇ ಕೇಳಿ, ಮೂರು ಆಯ್ಕೆಗಳ ಕ್ರಮವನ್ನು ಬದಲಾಯಿಸುತ್ತಾ ಹೋಗಿ, ಪ್ರತಿ ಚಿತ್ರವನ್ನೂ ಹೊಸ ಸಂಭಾಷಣೆಯಲ್ಲಿಯೇ ಕೊಡಿ. ‘ಮತ್ತೊಮ್ಮೆ ಸರಿಯಾಗಿ ನೋಡಿ’ ಎಂದಾಗ ಮಾದರಿ ಉತ್ತರ ತಿದ್ದಿಕೊಂಡರೆ ಅದು ಈಗ ನೋಡಿತೆಂದು ಸಂತೋಷಪಡುವ ಮೊದಲು, ಸರಿಯುತ್ತರ ಕೊಟ್ಟ ಚಿತ್ರಗಳಲ್ಲೂ ಅದೇ ಮಾತನ್ನು ಹೇಳಿ ನೋಡಬೇಕು. ಅಲ್ಲಿಯೂ ಅದು ಉತ್ತರ ಬದಲಿಸಿದರೆ, ನಿಮ್ಮ ಅಸಮಾಧಾನಕ್ಕೆ ಮಣಿಯಿತೇ ಹೊರತು ಚಿತ್ರವನ್ನು ಮರಳಿ ನೋಡಲಿಲ್ಲ. ಅದು ಕೊಡುವ ವಿವರಣೆಗೂ ಹೆಚ್ಚು ಬೆಲೆ ಕೊಡಬೇಡಿ. ‘ಎರಡೂ ಗೆರೆಗಳ ತುದಿಗಳನ್ನು ಹೋಲಿಸಿದಾಗ’ ಎಂದು ಶುರುವಾಗುವ ಅಚ್ಚುಕಟ್ಟಾದ ವಾಕ್ಯ, ಹೋಲಿಕೆ ನಡೆಯಿತೆಂಬುದಕ್ಕೆ ಪುರಾವೆಯಲ್ಲ. ಅಂಥ ವಾಕ್ಯಗಳೂ ಪಠ್ಯಪುಸ್ತಕಗಳಲ್ಲಿ ಇರುವಂಥವೇ.

ಫಲಿತಾಂಶವನ್ನು ಓದುವ ಬಗೆಗೆ ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಪ್ರತಿ ಬಗೆಗೂ 40 ಚಿತ್ರಗಳೆಂದು ಇಟ್ಟುಕೊಳ್ಳಿ. ಬರಿಗೆರೆಗಳ 300–315 ಚಿತ್ರಗಳಲ್ಲಿ ಮಾದರಿ 15 ಸಲ ಸರಿ ಹೇಳಿತು ಎನ್ನಿ. ಮೂರು ಆಯ್ಕೆಗಳಿರುವಾಗ ಕಣ್ಣುಮುಚ್ಚಿ ಆರಿಸಿದರೂ 13ರ ಆಸುಪಾಸಿನಲ್ಲಿ ಸರಿ ಬರುವುದರಿಂದ ಇದಕ್ಕೆ ಅರ್ಥವಿಲ್ಲ, ಈ ಅಂತರ ಅದಕ್ಕೆ ಕಾಣುತ್ತಿಲ್ಲ. 300–450ರ ಬರಿಗೆರೆಗಳಲ್ಲಿ 39 ಸರಿ. ಹಾಗಾದರೆ ಈ ಅಂತರ ಕಾಣುತ್ತಿದೆ. ಈಗ ಅದೇ 300–450ಕ್ಕೆ ರೆಕ್ಕೆಗಳನ್ನು ಹಚ್ಚಿದಾಗ 40ರಲ್ಲಿ 28 ಸಲ ‘ಸಮ’ ಎಂದು ಬಂದರೆ, ಅದು ಗಟ್ಟಿಯಾದ ಸಾಕ್ಷಿ. ಕಾಣಬಲ್ಲದ್ದನ್ನೇ ಮಾದರಿ ಕೈಬಿಟ್ಟಿದೆ, ಮತ್ತು ಕೈಬಿಟ್ಟದ್ದು ಚಿತ್ರ ಪ್ರಸಿದ್ಧ ಆಕೃತಿಯನ್ನು ಹೋಲಿದಾಗ ಮಾತ್ರ. ಇನ್ನೂ ಖಚಿತವಾಗಬೇಕಾದರೆ ರೆಕ್ಕೆಗಳ ಬದಲು ಗೆರೆಗಳ ತುದಿಗಳಿಗೆ ಯಾವ ಪಠ್ಯಪುಸ್ತಕದಲ್ಲೂ ಇರದಂಥ ಗುರುತುಗಳನ್ನು ಹಚ್ಚಿ, ಒಂದು ತುದಿಗೆ ತ್ರಿಕೋನ, ಇನ್ನೊಂದಕ್ಕೆ ಅಂಕುಡೊಂಕು ಗೀಟು ಎಂಬಂತೆ. ಗುರುತುಗಳು ಎಷ್ಟೇ ಗದ್ದಲ ಎಬ್ಬಿಸಿದರೂ ಅಲ್ಲಿ ಉತ್ತರ ಸರಿಯಾಗಿ ಬಂದರೆ, ಮಾದರಿಯನ್ನು ದಾರಿ ತಪ್ಪಿಸಿದ್ದು ತುದಿಯಲ್ಲಿರುವ ಗೆರೆಗಳ ಗೊಂದಲವಲ್ಲ, ಆಕೃತಿಯ ಪ್ರಸಿದ್ಧಿ ಎಂದು ಹೇಳಲು ಧೈರ್ಯ ಬರುತ್ತದೆ.

ಈ ಎಲ್ಲ ಕೆಲಸದ ನಂತರವೂ ಪರೀಕ್ಷೆಗೆ ಒಂದು ಮಿತಿ ಉಳಿಯುತ್ತದೆ. ರೆಕ್ಕೆಗಳ ಚಿತ್ರದಲ್ಲಿ ಪಾಸಾದ ಮಾದರಿ ನಕ್ಷೆಗಳಲ್ಲಿಯೂ ಪಾಸಾಗುತ್ತದೆಂದು ಹೇಳಲಾಗದು, ಇಲ್ಲಿ ನಪಾಸಾದದ್ದು ಅಲ್ಲಿ ನಪಾಸಾಗಲೇಬೇಕೆಂದೂ ಇಲ್ಲ. ದೃಷ್ಟಿಭ್ರಮೆಯ ಚಿತ್ರ ನಿಮಗೆ ತೋರಿಸುವುದು ತಪ್ಪಿನ ಬಗೆಯನ್ನು. ನಕ್ಷೆಗಳ ಲೋಕದಲ್ಲೂ ಆ ಬಗೆಯ ತಪ್ಪಿಗೆ ಧಾರಾಳ ಅವಕಾಶವಿದೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ಬೋಲ್ಟ್ ರಂಧ್ರಗಳಿರುವ ಫ್ಲೇಂಜ್ ಎಲ್ಲ ಕೈಪಿಡಿಗಳಲ್ಲೂ ಇರುತ್ತದೆ. ನಿಮ್ಮ ಕೈಯಲ್ಲಿರುವ ನಕ್ಷೆಯಲ್ಲಿ ಒಂದು ರಂಧ್ರ ಬಿಟ್ಟುಹೋಗಿದ್ದರೆ, ಅಥವಾ ಕೇಂದ್ರದಿಂದ ಸ್ವಲ್ಪ ಸರಿದಿದ್ದರೆ, ಮಾದರಿ ಕೈಪಿಡಿಯ ಫ್ಲೇಂಜನ್ನೇ ವರ್ಣಿಸುವ ಅಪಾಯವಿದೆ. ನೀವು ಹುಡುಕುತ್ತಿರುವ ದೋಷವೇ ಅದಾದ್ದರಿಂದ ಈ ತಪ್ಪು ನಿಮಗೆ ಎಲ್ಲಕ್ಕಿಂತ ದುಬಾರಿ.

ನಿಮ್ಮ ಮುಂದೆ ಇರುವ ಆಯ್ಕೆಗಳಲ್ಲಿ, ಪ್ರಸಿದ್ಧ ಭ್ರಮೆಗಳನ್ನು ಹಾಗೆಯೇ ತೋರಿಸಿ ತೀರ್ಮಾನಿಸುವುದನ್ನು ಈಗಲೇ ಬಿಟ್ಟುಬಿಡಬಹುದು. ಬದಲಾಯಿಸಿದ ಭ್ರಮೆಗಳ ಪರೀಕ್ಷೆ ಅಗ್ಗ, ಅರ್ಧ ದಿನದ ಕೆಲಸ, ಬಾಯಿಪಾಠದ ಒಲವು ಇದೆಯೇ ಎಂದು ಬೇಗ ತಿಳಿಯುತ್ತದೆ. ಆದರೆ ನಿಮ್ಮ ಚಿತ್ರಗಳನ್ನು ಹೊರಗೆ ಪ್ರಕಟಿಸಿದರೆ ಅವೂ ಮುಂದಿನ ತರಬೇತಿಯ ರಾಶಿ ಸೇರುತ್ತವೆ, ಆದ್ದರಿಂದ ಪ್ರತಿ ಸಲವೂ ಅಳತೆಗಳನ್ನು ಹೊಸದಾಗಿ ಆರಿಸಿ ಚಿತ್ರ ಬರೆಯಿರಿ. ನಾನು ಹೆಚ್ಚು ಒತ್ತು ಕೊಡುವುದು ಮೂರನೆಯ ಆಯ್ಕೆಗೆ: ನಿಮ್ಮದೇ ನಕ್ಷೆಗಳನ್ನು ತೆಗೆದುಕೊಂಡು, ಪ್ರತಿಯೊಂದಕ್ಕೂ ಒಂದೇ ಒಂದು ಬದಲಾವಣೆ ಮಾಡಿದ ಜೋಡಿಯನ್ನು ಸಿದ್ಧಪಡಿಸಿ. ಒಂದು ರಂಧ್ರ ಕಡಿಮೆ, ಒಂದು ಅಳತೆಯ ಅಂಕಿ ಬೇರೆ, ಒಂದು ಗೆರೆ ತುಂಡು, ಹೀಗೆ. ಏನೂ ಬದಲಾಗದ ಜೋಡಿಗಳನ್ನೂ ಅಷ್ಟೇ ಸಂಖ್ಯೆಯಲ್ಲಿ ಬೆರೆಸಿ. ಬದಲಾವಣೆ ಎಷ್ಟು ಪಿಕ್ಸೆಲ್‌ನಷ್ಟು ದೊಡ್ಡದಾದಾಗ ಮಾದರಿ ಅದನ್ನು ಹಿಡಿಯತೊಡಗುತ್ತದೆ ಎಂಬುದು ನಿಮಗೆ ಬೇಕಾದ ಅಂಕಿ, ಮತ್ತು ಆ ಅಂಕಿ ಪ್ರಮಾಣಿತ ಭಾಗಗಳಿಗೂ ವಿಶೇಷ ಭಾಗಗಳಿಗೂ ಬೇರೆಬೇರೆಯಾದರೆ ಬಾಯಿಪಾಠ ಅಲ್ಲಿಯೂ ಕೆಲಸ ಮಾಡುತ್ತಿರುವ ಸಾಧ್ಯತೆ ಹೆಚ್ಚು. ಇದಕ್ಕೆ ತಗಲುವ ಶ್ರಮ ಕಡಿಮೆಯಲ್ಲ. ನಕ್ಷೆ ಬಲ್ಲವರೇ ಕುಳಿತು ಮಾಡಬೇಕು.

ಉದ್ದ, ಅಂತರ, ಎಣಿಕೆಗಳನ್ನು ಮಾದರಿಯ ಕಣ್ಣಿಗೆ ಬಿಡದೆ, ನಕ್ಷೆಯ ಮೂಲ ಕಡತದಿಂದಲೇ ಓದುವ ಸಾಮಾನ್ಯ ತಂತ್ರಾಂಶಕ್ಕೆ ಕೊಟ್ಟು, ಸಿಕ್ಕ ವ್ಯತ್ಯಾಸಗಳನ್ನು ಪದಗಳಲ್ಲಿ ವಿವರಿಸುವುದಕ್ಕಷ್ಟೇ ಮಾದರಿಯನ್ನು ಇಟ್ಟುಕೊಳ್ಳುವ ದಾರಿಯೂ ಇದೆ. ಮೂಲ ಕಡತಗಳು ಇರುವ ಕಡೆ ನಾನು ಇದನ್ನೇ ಸೂಚಿಸುತ್ತೇನೆ. ಸ್ಕ್ಯಾನ್ ಮಾಡಿದ ಹಳೆಯ ಕಾಗದದ ನಕ್ಷೆಗಳು ಮಾತ್ರ ಇದ್ದರೆ ಇದು ಅಷ್ಟು ಸುಲಭವಲ್ಲ. ಈಗಿನ ಕೆಲವು ಮಾದರಿಗಳು ಚಿತ್ರವನ್ನು ಕತ್ತರಿಸಿ, ಹಿಗ್ಗಿಸಿ, ಕೋಡ್ ಬರೆದು ಪಿಕ್ಸೆಲ್ ಎಣಿಸುವ ಸಾಧನಗಳನ್ನು ತಾವೇ ಬಳಸುತ್ತವೆ, ಅಂಥವು ರೆಕ್ಕೆಗಳ ಚಿತ್ರದಲ್ಲಿ ಚೆನ್ನಾಗಿ ಗೆಲ್ಲಬಹುದು. ಅದು ಪರೀಕ್ಷೆಯ ಮೋಸವಲ್ಲ, ಆದರೆ ಆಗ ನೀವು ಅಳೆಯುತ್ತಿರುವುದು ಸಾಧನ ಸಹಿತವಾದ ಇಡೀ ವ್ಯವಸ್ಥೆಯನ್ನು. ಆದ್ದರಿಂದ ಸಾಧನಗಳನ್ನು ಬಂದ್ ಮಾಡಿ ಒಮ್ಮೆ, ತೆರೆದಿಟ್ಟು ಒಮ್ಮೆ ಪರೀಕ್ಷಿಸಿ ಎರಡೂ ಅಂಕಿಗಳನ್ನು ಬೇರೆಬೇರೆ ಬರೆದಿಟ್ಟುಕೊಳ್ಳಿ. ಪ್ರಸಿದ್ಧವೆನಿಸುವ ಚಿತ್ರ ಎದುರಾದಾಗ ಮಾದರಿ ಸಾಧನವನ್ನು ತೆರೆಯುವ ಗೋಜಿಗೇ ಹೋಗದೆ ನೇರವಾಗಿ ಉತ್ತರಿಸುತ್ತದೆಯೇ ಎಂಬುದನ್ನೂ ದಾಖಲೆಯಲ್ಲಿ ಗಮನಿಸಿ.